ಲಿಫ್ಟ್ ಬಳಸ... ವಿನಂತಿಸುತ್ತೇವೆ

ಬಳಸಬಹುದು. ಬಳಸಬಾರದು. ಈ ಎರಡನ್ನೂ ಒಮ್ಮೆ ಜೋರಾಗಿ ಹೇಳಿ ನೋಡಿ. ಆಮೇಲೆ ಬಚ್ಚಲುಮನೆಗೆ ಹೋಗಿ, ನಲ್ಲಿ ಬಿಟ್ಟು, ಮತ್ತೆ ಹೇಳಿ. ಹೊರಗೆ ನಿಂತವರನ್ನು ಕೇಳಿ, ಯಾವುದು ಕೇಳಿಸಿತು ಅಂತ.

ಬೆಳಗ್ಗೆಯಿಂದ ಇದೇ ತಲೆಯಲ್ಲಿ ಓಡುತ್ತಿದೆ. ಊಟ ಸೇರಲಿಲ್ಲ. ಆ ಅಜ್ಜಿಯ ಮುಖ ಕಣ್ಣ ಮುಂದೆಯೇ ಇದೆ.

ಹೋಟೆಲಿನ ಮೂರನೇ ಮಹಡಿ. ಅಲ್ಲಿನ ಫೈರ್ ಅಲಾರಂ ನೋಡಿಕೊಳ್ಳುವವನು ನಾನು. ಹೊಗೆ ತೆಳ್ಳಗೆ ಬಂದಿತ್ತು, ಕಣ್ಣು ಉರಿಯುವಷ್ಟು. ಬಾಕಿ ಎಲ್ಲರೂ ಇಳಿದಿದ್ದರು. ಅಜ್ಜಿ ಒಬ್ಬರೇ ಲಿಫ್ಟ್ ಮುಂದೆ ನಿಂತು ಗುಂಡಿ ಒತ್ತುತ್ತಿದ್ದರು. ಒತ್ತುವುದು, ನೋಡುವುದು, ಮತ್ತೆ ಒತ್ತುವುದು. ಸೆರಗು ಮೂಗಿಗೆ ಹಿಡಿದಿದ್ದರು. ಲಿಫ್ಟ್ ಬರುವುದಿಲ್ಲ, ಅದು ಬರಲೇಬಾರದು. ಅಲಾರಂ ಹೊಡೆದ ಕೂಡಲೇ ಅದು ತಾನೇ ನೆಲಮಹಡಿಗೆ ಹೋಗಿ, ಬಾಗಿಲು ತೆರೆದು ನಿಲ್ಲುತ್ತದೆ. ಮೇಲಿನ ಗುಂಡಿಗಳು ಸತ್ತಂತೆ. ಆ ಜೋಡಣೆ ಮಾಡಿದವನು ನಾನೇ. ಆದರೆ ಅಜ್ಜಿಗೆ ಅದು ಹೇಗೆ ಗೊತ್ತಾಗಬೇಕು?

'ಅಜ್ಜಿ, ಲಿಫ್ಟ್ ಬ್ಯಾಡ್ರೀ, ಬರ್ರಿ ಈ ಕಡೆ' ಅಂದೆ. ಅವರು ನನ್ನನ್ನೇ ನೋಡಿ, 'ತಮ್ಮಾ, ಲಿಫ್ಟ್ ಬಳಸ್ರಿ ಅಂತ ವಿನಂತಿ ಮಾಡಾಕತ್ತಾರಲ್ಲೋ, ನೀ ಬ್ಯಾಡ ಅಂತಿ' ಅಂದರು. ಅದೇ ಹೊತ್ತಿಗೆ ನಮ್ಮ ತಲೆ ಮೇಲಿನ ಸ್ಪೀಕರ್ ಮತ್ತೆ ಶುರುವಾಯಿತು. ಹಾಳಾದದ್ದು, ನನಗೂ ಹಾಗೇ ಕೇಳಿಸಿತು. 'ಲಿಫ್ಟ್ ಬಳಸ... ವಿನಂತಿಸುತ್ತೇವೆ.'

ಅಲ್ಲಿ ಓಡುತ್ತಿದ್ದ ಪೂರ್ತಿ ವಾಕ್ಯ ಇದು. ನನಗೆ ಬಾಯಿಪಾಠ ಆಗಿಹೋಗಿದೆ. 'ಆತ್ಮೀಯ ಅತಿಥಿಗಳೇ, ನಮ್ಮ ಹೋಟೆಲಿನ ಆವರಣದಲ್ಲಿ ಅಗ್ನಿ ಅನಾಹುತದ ಸೂಚನೆ ಕಂಡುಬಂದಿರುವುದರಿಂದ, ತಾವು ಗಾಬರಿಗೊಳ್ಳದೆ ಸಮೀಪದ ನಿರ್ಗಮನ ದ್ವಾರದ ಮೂಲಕ ಕಟ್ಟಡವನ್ನು ತೆರವುಗೊಳಿಸಬೇಕೆಂದು ಹಾಗೂ ಲಿಫ್ಟ್ ಬಳಸಬಾರದೆಂದು ವಿನಂತಿಸುತ್ತೇವೆ.' ಒಂದೇ ವಾಕ್ಯ! ನಿದ್ದೆಯಿಂದ ಎದ್ದವನು ಇದನ್ನು ಎಲ್ಲಿಂದ ಹಿಡಿಯಬೇಕು? ತೆರವು ಅಂದರೆ ನಮ್ಮ ಹುಬ್ಬಳ್ಳಿಯಲ್ಲಿ ಫುಟ್‌ಪಾತಿನ ಅಂಗಡಿ ಎತ್ತಿಸುವುದು. ಬೆಂಕಿ ಅನ್ನುವ ಪದ ಎಲ್ಲೂ ಇಲ್ಲ. ಮೆಟ್ಟಿಲು ಅನ್ನುವ ಪದವೂ ಇಲ್ಲ.

ಕನ್ನಡದಲ್ಲಿ ಬೇಕು ಬೇಡ ಎಲ್ಲಾ ಮಾತಿನ ಬಾಲದಲ್ಲಿ ಇರುತ್ತದೆ. ಇಂಗ್ಲಿಷಿನವರು 'ಡು ನಾಟ್' ಅಂತ ಮೊದಲೇ ಹೇಳಿಬಿಡುತ್ತಾರೆ. ನಾವು ಲಿಫ್ಟ್ ಅನ್ನುತ್ತೇವೆ, ಬಳಸ ಅನ್ನುತ್ತೇವೆ, ಆಮೇಲೆ ಬೇಡಿ ಅಥವಾ ಬಾರದು. ಹೋಟೆಲ್ ಕಾರಿಡಾರ್ ಅಂದರೆ ಕೆಳಗೆ ಹೊಳೆಯುವ ಕಲ್ಲು, ಎರಡೂ ಕಡೆ ಗೋಡೆ, ಕೊನೆಗೆ ಗಾಜು. ಸದ್ದು ಅಲ್ಲೇ ತಿರುಗಾಡುತ್ತದೆ. ಹಿಂದಿನ ಪದದ ಪ್ರತಿಧ್ವನಿ ಮುಂದಿನ ಪದದ ಮೇಲೆ ಬಂದು ಕೂರುತ್ತದೆ. ಉದ್ದ ಪದದ ಬಾಲವೇ ಮೊದಲು ಮುಚ್ಚಿಹೋಗುತ್ತದೆ. ಅಂದರೆ ನಮ್ಮ ಭಾಷೆಯಲ್ಲಿ ಜೀವ ಉಳಿಸುವ ಆ ಒಂದು ತುಣುಕೇ ಹೋಗುತ್ತದೆ. ಹಿಂದಿಯಲ್ಲೂ ಅದೇ ಕಥೆ. 'ಲಿಫ್ಟ್ ಕಾ ಪ್ರಯೋಗ್ ನ ಕರೇಂ' ಅಂತ ಹಾಕಿದ್ದಾರೆ. ಆ ಒಂದಕ್ಷರದ 'ನ' ಕಾರಿಡಾರಿನಲ್ಲಿ ಕೇಳಿಸಿದರೆ ನಾನು ಈ ಕೆಲಸವನ್ನೇ ಬಿಡುತ್ತೇನೆ.

ಅಜ್ಜಿಯನ್ನು ಕೈಹಿಡಿದು ಇಳಿಸಿದೆ. ಕೆಳಗೆ ಬೆಂಕಿ ಆಗಲೇ ಆರಿತ್ತು. ಅಡುಗೆಮನೆಯ ಚಿಮಣಿ ಪೈಪಿನ ಜಿಡ್ಡು ಹತ್ತಿಕೊಂಡದ್ದು, ಹುಡುಗರು ಬೆಂಕಿ ನಂದಿಸುವ ಸಿಲಿಂಡರ್ ಹೊಡೆದು ಆರಿಸಿದರು. ಯಾರಿಗೂ ಏನೂ ಆಗಲಿಲ್ಲ.

ಆಮೇಲೆ ಲಾಬಿಯಲ್ಲಿ ಆದದ್ದು. ಮದುವೆಗೆ ಬಂದವರೆಲ್ಲಾ ಅಲ್ಲೇ ನಿಂತಿದ್ದರು, ಗದಗಿನ ಕಡೆಯವರು, ಕೊಲ್ಹಾಪುರದ ಕಡೆಯವರು. ಅಜ್ಜಿಯ ಮೊಮ್ಮಗ ಮ್ಯಾನೇಜರನ್ನು ಕೇಳಿದ, 'ಲಿಫ್ಟ್ ಬಳಸ್ರಿ ಅಂತ ಯಾಕ್ ಹೇಳಿಸಿದ್ರಿ?' ಮ್ಯಾನೇಜರ್ ಕೈ ನನ್ನ ಕಡೆ ತಿರುಗಿತು. 'ಇವ್ನ್ ಕೇಳ್ರಿ. ಸ್ಪೀಕರ್ ಇವಂದು. ಸರಿ ಕೂಡಿಸಿಲ್ಲ.' ನಾನು ಮೆಲ್ಲಗೆ ಹೇಳಿದೆ, 'ಸರ್, ಸ್ಪೀಕರ್ ಸರಿ ಐತಿ. ಮಾತು ಉದ್ದ ಐತಿ. ನಾ ಆವಾಗ್ಲೇ ಬರ್ದು ಕೊಟ್ಟಿದ್ನೆಲ್ರೀ.' ಆಗ ಅಂದರು, ಅಷ್ಟು ಜನರ ಮುಂದೆ, 'ನೀ ವೈರ್ ಎಳಿಯಾಂವ, ವೈರ್ ಎಳಿ. ಭಾಷಾ ನಿನಗ್ಯಾಕ? ವಾಲ್ಯೂಮ್ ಜಾಸ್ತಿ ಮಾಡಿ ಹೋಗು.'

ಯಾರೋ ನಕ್ಕರು. ನಾನು ಏನೂ ಅನ್ನಲಿಲ್ಲ. ಪ್ಯಾನೆಲ್ ಮುಚ್ಚಳದ ಸ್ಕ್ರೂ ಬಿಗಿ ಮಾಡಿದೆ. ಅದು ಮೊದಲೇ ಬಿಗಿಯಾಗಿತ್ತು. ಮತ್ತೆ ಬಿಗಿ ಮಾಡಿದೆ. ಬಾಯಿಂದ ಮಾತು ಬರಲಿಲ್ಲ. ಈಗ ಬರುತ್ತಿದೆ, ರಾತ್ರಿ ಹನ್ನೊಂದಕ್ಕೆ.

ವಾಲ್ಯೂಮ್ ಜಾಸ್ತಿ ಮಾಡಬೇಕಂತೆ! ರೂಮಿನ ಬಾಗಿಲು ಮುಚ್ಚಿ, ದಿಂಬಿನ ಹತ್ತಿರ ಮೀಟರ್ ಇಟ್ಟು, 75 ಡೆಸಿಬಲ್ ಬರುತ್ತದೆ ಅಂತ ಒಂದೊಂದು ರೂಮನ್ನೂ ನೋಡಿದ್ದೇನೆ. ಮಲಗಿದವರನ್ನು ಎಬ್ಬಿಸಲು ಅಷ್ಟು ಬೇಕು, ಅಷ್ಟು ಇದೆ. ಎಬ್ಬಿಸುವುದು ಬೇರೆ, ತಿಳಿಯುವುದು ಬೇರೆ. ಕಲ್ಲಿನ ಕಾರಿಡಾರಿನಲ್ಲಿ ಸದ್ದು ಏರಿಸಿದರೆ ಪ್ರತಿಧ್ವನಿಯೂ ಅಷ್ಟೇ ಏರುತ್ತದೆ. ಜೋರಾಗಿ ಕೂಗಿದ ಗೊಂದಲ ಗೊಂದಲವೇ ಅಲ್ವಾ?

ಹೋಗಲಿ ಬಿಡಿ. ಅವರ ಹೋಟೆಲ್, ಅವರ ದುಡ್ಡು. ನನಗೆ ವರ್ಷದ ಕಾಂಟ್ರಾಕ್ಟ್, ನಾಲ್ಕು ಸಲ ಹೋಗಬೇಕು, ಸಹಿ ಹಾಕಿಸಿಕೊಂಡು ಬರಬೇಕು. ಅಷ್ಟೇ.

ಅಷ್ಟೇ ಅಲ್ಲ! ಎಂಟು ತಿಂಗಳ ಹಿಂದೆ ನಾನು ಒಂದು ಚೀಟಿ ಕೊಟ್ಟಿದ್ದೆ. ನನ್ನ ಕೈಬರಹ. ಅದನ್ನು ಅವರು ಮಡಚಿ ಕೀಬೋರ್ಡ್ ಕೆಳಗೆ ಇಟ್ಟರು. ಅದರಲ್ಲಿ ಇದ್ದದ್ದು ಇಷ್ಟು.

'ಬೆಂಕಿ. ಬೆಂಕಿ. ಈಗಲೇ ಹೊರಗೆ ಬನ್ನಿ. ಲಿಫ್ಟ್ ಬೇಡ. ಮೆಟ್ಟಿಲಿಂದ ಇಳಿಯಿರಿ.'

ನಿಧಾನವಾಗಿ ಹೇಳಿದರೂ ಆರೇಳು ಸೆಕೆಂಡು. ಪ್ರತಿ ವಾಕ್ಯದ ನಡುವೆ ಒಂದು ಉಸಿರು ಬಿಡಬೇಕು, ಪ್ರತಿಧ್ವನಿ ಇಳಿಯಲಿ ಅಂತ. 'ಬಳಸ' ಅನ್ನುವುದನ್ನೇ ತೆಗೆದುಹಾಕಿದೆ. 'ಲಿಫ್ಟ್ ಬೇಡ' ಅಂದರೆ ಲಿಫ್ಟ್ ಪಕ್ಕದಲ್ಲೇ ಬೇಡ ಇದೆ, ಮಧ್ಯೆ ಕಳೆದುಹೋಗಲು ಏನೂ ಇಲ್ಲ. ಒಂದು ವೇಳೆ 'ಬೇಡ' ಹೋದರೂ, ಕೊನೆಗೆ ಕಿವಿಯಲ್ಲಿ ಉಳಿಯುವುದು ಮೆಟ್ಟಿಲು, ಇಳಿಯಿರಿ. ನಮ್ಮ ಅಜ್ಜಿಯರು ಪಾವಟಿಗಿ ಅನ್ನುತ್ತಾರೆ, ನನಗೂ ಅದೇ ಬಾಯಿಗೆ ಬರುವುದು. ಆದರೆ ಮಂಗಳೂರಿನವರೂ ಮೈಸೂರಿನವರೂ ಬಂದು ಮಲಗುತ್ತಾರಲ್ಲ. ಮೆಟ್ಟಿಲು ಎಲ್ಲರಿಗೂ ತಿಳಿಯುತ್ತದೆ ಅಂತ ಅದನ್ನೇ ಇಟ್ಟೆ. ಅಷ್ಟು ಯೋಚನೆ ಮಾಡಿದ್ದೆ.

ಹಿಂದಿಗೆ, 'ಆಗ್ ಲಗೀ ಹೈ. ಅಭೀ ಬಾಹರ್ ಜಾಯಿಯೇ. ಲಿಫ್ಟ್ ನಹೀಂ. ಸೀಢೀ ಸೇ ಉತರಿಯೇ.' ಇಂಗ್ಲಿಷಿಗೆ, 'ಫೈರ್. ಫೈರ್. ಲೀವ್ ನೌ. ನೋ ಲಿಫ್ಟ್. ಯೂಸ್ ದ ಸ್ಟೇರ್ಸ್.'

ಮೂರೂ ಸೇರಿ ಇಪ್ಪತ್ತೈದು ಸೆಕೆಂಡು ದಾಟುವುದಿಲ್ಲ. ಈಗ ಓಡುತ್ತಿರುವುದು ಒಂದೊಂದು ಭಾಷೆಗೆ ಸುಮಾರು ಇಪ್ಪತ್ತೈದು. ಇಂಗ್ಲಿಷ್ ಕೊನೆಗೆ ಬರುತ್ತದೆ. ಅದೊಂದೇ ತಿಳಿಯುವವನು ಐವತ್ತು ಸೆಕೆಂಡು ತಿಳಿಯದ ಮಾತು ಕೇಳುತ್ತಾ ಹಾಸಿಗೆಯಲ್ಲಿ ಕೂರಬೇಕು. ಐವತ್ತು ಸೆಕೆಂಡಿನಲ್ಲಿ ಹೊಗೆ ಎಷ್ಟು ದೂರ ಬರುತ್ತದೆ ಅಂತ ಇವತ್ತು ನೋಡಿದೆನಲ್ಲ. ಹಾಗಂತ ಬೇಗ ಮುಗಿಸಲು ಎರಡು ಭಾಷೆಯ ವಾಕ್ಯಗಳನ್ನು ಬೆರೆಸಬಾರದು, ಒಂದು ಭಾಷೆ ಪೂರ್ತಿ ಮುಗಿಸಿ ಮುಂದಿನದಕ್ಕೆ ಹೋಗಬೇಕು. ಬೆರೆಸಿದರೆ ಕಿವಿ ತಪ್ಪು ಹಿಡಿಯುತ್ತದೆ. ಹಿಂದಿಯ 'ಆಗ್' ನಮ್ಮವರಿಗೆ 'ಆಗ' ಅಂತ ಕೇಳಿಸುತ್ತದೆ.

ಮರಾಠಿ ಇನ್ನೂ ಕಷ್ಟ. ಇವತ್ತಿನ ಕೊಲ್ಹಾಪುರದವರಿಗೆ ಮರಾಠಿ ಇರಲೇ ಇಲ್ಲ, ಹಿಂದಿ ಕೇಳಿಕೊಂಡು ಇಳಿದರು. ಒಂದು ಕಡೆ ಯಾರೋ ಹಿಂದಿಯ ಮಧ್ಯೆಯೇ 'ಖಾಲೀ ಉತರಾ' ಅಂತ ತುರುಕಿದ್ದನ್ನು ನೋಡಿದ್ದೇನೆ. ಮರಾಠಿಯಲ್ಲಿ ಖಾಲೀ ಅಂದರೆ ಕೆಳಗೆ. ಹಿಂದಿಯವನಿಗೂ ನಮಗೂ ಖಾಲಿ ಅಂದರೆ ಏನೂ ಇಲ್ಲದ್ದು. ಹಾಗಂತ ಐದಾರು ಭಾಷೆ ಸೇರಿಸುತ್ತಾ ಹೋದರೆ ಸುತ್ತು ಮತ್ತೆ ಉದ್ದವಾಗುತ್ತದೆ. ಮೂರು ರೆಕಾರ್ಡ್ ಸಾಕು. ನಾಲ್ಕನೆಯದನ್ನು ಚೀಟಿಯಲ್ಲಿ ಬರೆದು ರಿಸೆಪ್ಶನ್ ಮೈಕಿನ ಪಕ್ಕ ಅಂಟಿಸಿ, ಅಂಥ ಅತಿಥಿಗಳು ಇದ್ದಾಗ ಓದಲಿ. ಇದನ್ನೂ ಹೇಳಿದ್ದೆ.

ಬೆಂಕಿ ಅಂದರೆ ಜನ ಗಾಬರಿಯಾಗುತ್ತಾರೆ, ಅದಕ್ಕೆ ಆ ಪದ ಬೇಡ ಅಂದಿದ್ದರು ಆವತ್ತು. ಗಿಲೆನ್ ಪ್ರೂ ಮತ್ತು ಜೊನಾಥನ್ ಸೈಮ್ ಅನ್ನುವ ಇಬ್ಬರು ಇಂಗ್ಲೆಂಡಿನ ನ್ಯೂಕ್ಯಾಸಲ್ ಊರಿನ ನೆಲದಡಿಯ ಮೆಟ್ರೊ ನಿಲ್ದಾಣದಲ್ಲಿ ಇದನ್ನೇ ಮಾಡಿ ನೋಡಿದ್ದರು, 1991ರಲ್ಲಿ ಪ್ರಕಟಿಸಿದರು. ಬರೀ ಗಂಟೆ ಹೊಡೆದಾಗ ಜನ ತಡಮಾಡಿದರು. ಏನಾಗಿದೆ, ಎಲ್ಲಿಗೆ ಹೋಗಬೇಕು ಅಂತ ಬಾಯಿಬಿಟ್ಟು ಹೇಳಿದಾಗ ಬೇಗ ಹೊರಟರು. ನಿಜ ಹೇಳಿದ್ದಕ್ಕೆ ಯಾರೂ ಹುಚ್ಚರಂತೆ ಓಡಲಿಲ್ಲ. ಇದನ್ನೂ ಮ್ಯಾನೇಜರಿಗೆ ಹೇಳಿದ್ದೆ. ಫೋನ್ ನೋಡುತ್ತಾ ಹ್ಞೂಂ ಅಂದಿದ್ದರು.

ಈ ಕಾಂಟ್ರಾಕ್ಟ್ ಬಿಟ್ಟುಬಿಡುತ್ತೇನೆ. ನಾಳೆಯೇ ಪತ್ರ ಕೊಡುತ್ತೇನೆ. ಬಿಟ್ಟರೆ ಬೇರೆ ಯಾರೋ ಬರುತ್ತಾರೆ, ದೀಪ ಹತ್ತುತ್ತದಾ ನೋಡುತ್ತಾರೆ, ಸಹಿ ಹಾಕುತ್ತಾರೆ. ಆ ವಾಕ್ಯ ಹಾಗೇ ಓಡುತ್ತಿರುತ್ತದೆ. ಹಾಗಾದರೆ ಬಿಡುವುದಾ, ಇರುವುದಾ? ಗೊತ್ತಾಗುತ್ತಿಲ್ಲ.

ನಾನು ಹತ್ತನೇ ತರಗತಿ ಓದಿದವನು. ವೈರ್ ಎಳೆಯುತ್ತೇನೆ, ಹೌದು. ಆದರೆ ಆ ಸ್ಪೀಕರಿನಿಂದ ಏನು ಬರುತ್ತದೆ ಅಂತ ಕಾರಿಡಾರಿನಲ್ಲಿ ನಿಂತು ಕೇಳಿದವನು ನಾನೊಬ್ಬನೇ. ಬರೆದವರು ಎಸಿ ರೂಮಿನಲ್ಲಿ ಕೂತು ಬರೆದರು. ಓದಿದವರು ಸ್ಟುಡಿಯೋದಲ್ಲಿ ಓದಿದರು. ಮೂರನೇ ಮಹಡಿಯಲ್ಲಿ ಅವರಲ್ಲಿ ಯಾರೂ ಇರಲಿಲ್ಲ.

ಹುಬ್ಬಳ್ಳಿ, ಧಾರವಾಡ, ಗದಗ, ಹಾವೇರಿ ಕಡೆ ಹೋಟೆಲಿನಲ್ಲಿ ಕೆಲಸ ಮಾಡುವವರು ಯಾರಾದರೂ ಇದನ್ನು ಓದುತ್ತಿದ್ದರೆ ನನಗೆ ಉತ್ತರ ಕೊಡಿ. ನಿಮ್ಮಲ್ಲಿ ಏನು ಹಾಕಿದ್ದಾರೆ? ಅತಿಥಿಗಳಿಗೆ ಮೊದಲೇ ತಿಳಿಸಿ ಟೆಸ್ಟ್ ಗುಂಡಿ ಒತ್ತಿ. ಲಿಫ್ಟ್ ಮುಂದೆ ಒಬ್ಬರನ್ನು ನಿಲ್ಲಿಸಿ, ಆ ಮಾತು ಮೊದಲು ಕೇಳಿರದವರನ್ನು. ಅವರಿಗೆ ಏನು ಕೇಳಿಸಿತೋ ಅದನ್ನು ಹಾಗೇ ಬರೆದು ಕಳಿಸಿ. ಲಿಫ್ಟ್ ಬಳಸ ಆದಮೇಲೆ ಏನು ಕೇಳಿಸಿತು?