ಮೇಡಂ, 50 ಹರ್ಟ್ಜ್ ಪಕ್ಕದ ಆ ಚಿಕ್ಕ ಪೀಕ್ ಎಲ್ಲಿ ಹೋಗುತ್ತದೆ?

ನಮಗೆ ಸಿಗ್ನಲ್ಸ್ ಆ್ಯಂಡ್ ಸಿಸ್ಟಮ್ಸ್ ಪಾಠ ಮಾಡಿದ ಮೇಡಂಗೆ ಬರೆದ ಪತ್ರ ಇದು. ಅವರನ್ನು ಕೇಳಿಯೇ ಇಲ್ಲಿ ಹಾಕುತ್ತಿದ್ದೇನೆ. ಫೈನಲ್ ಇಯರ್ ಪ್ರಾಜೆಕ್ಟಲ್ಲಿ ಎಫ್‌ಎಫ್‌ಟಿ ಬಳಸುವವರು ನನ್ನ ಫ್ರೆಂಡ್ಸ್ ಲಿಸ್ಟಿನಲ್ಲೇ ಸುಮಾರು ಜನ ಇದ್ದೀರಿ. ದಯವಿಟ್ಟು ಪೂರ್ತಿ ಓದಿ. ನಾನು ಎಲ್ಲಾದರೂ ಬೇರೆ ಥರ ಯೋಚಿಸಬೇಕು ಅನಿಸಿದರೆ ಕಾಮೆಂಟಲ್ಲಿ ಹೇಳಿ.

ಮೇಡಂ, ನಮಸ್ಕಾರ.

ನಮ್ಮ ಪ್ರಾಜೆಕ್ಟ್ ನಿಮಗೆ ಗೊತ್ತೇ ಇದೆ. ಇಂಡಕ್ಷನ್ ಮೋಟಾರಿನ ಒಳಗೆ ರೋಟರ್ ಬಾರ್ ಮುರಿದಿದೆಯಾ ಅಂತ ಮೋಟಾರ್ ಬಿಚ್ಚದೆ, ಬರೀ ಸ್ಟೇಟರ್ ಕರೆಂಟ್ ನೋಡಿ ಹೇಳಬೇಕು. ವೈಂಡಿಂಗ್ ಅಂಗಡಿಯಲ್ಲಿ ಸಿಕ್ಕ ಹಳೇ ರೋಟರ್‌ನ ಒಂದು ಬಾರ್‌ಗೆ ಡ್ರಿಲ್ ಹಾಕಿಸಿ, ಅದನ್ನೇ ಲ್ಯಾಬಿನ ಮೋಟಾರಿಗೆ ಕೂರಿಸಿದ್ದೇವೆ. ಒಂದು ಫೇಸಿನ ವಯರಿಗೆ ಕರೆಂಟ್ ಸೆನ್ಸರ್, ಸೆಕೆಂಡಿಗೆ 1000 ಸ್ಯಾಂಪಲ್. ಅಷ್ಟೇ ಸೆಟಪ್.

ಥಿಯರಿ ಸರಳವಾಗಿದೆ. ಬಾರ್ ಮುರಿದರೆ ರೋಟರ್‌ನ ಸಮತೋಲನ ತಪ್ಪಿ, ಉಲ್ಟಾ ತಿರುಗುವ ಒಂದು ಫೀಲ್ಡ್ ಹುಟ್ಟುತ್ತದೆ. ಅದು ಸ್ಟೇಟರ್ ಕರೆಂಟಿನಲ್ಲಿ (1−2s)f ಫ್ರೀಕ್ವೆನ್ಸಿಯಲ್ಲಿ ಕಾಣಿಸುತ್ತದೆ. ಅದರಿಂದ ಟಾರ್ಕ್ ಅಲುಗಾಡಿ, ಸ್ಪೀಡ್ ಅಲುಗಾಡಿ, (1+2s)f ನಲ್ಲೂ ಒಂದು ಬರುತ್ತದೆ. ಇಲ್ಲಿ s ಅಂದರೆ ಸ್ಲಿಪ್. ನಮ್ಮದು 4 ಪೋಲ್ ಮೋಟಾರ್, ಸಿಂಕ್ರೊನಸ್ ಸ್ಪೀಡ್ 1500. ಲೋಡ್ ಹಾಕಿದಾಗ 1470ರಲ್ಲಿ ಓಡುತ್ತದೆ. ಸ್ಲಿಪ್ 0.02. ಹಾಗಾದರೆ 48 ಮತ್ತು 52 ಹರ್ಟ್ಜ್‌ನಲ್ಲಿ ಎರಡು ಸೈಡ್‌ಬ್ಯಾಂಡ್ ಕಾಣಬೇಕು.

ಕಷ್ಟ ಏನೆಂದರೆ ಇವು ತುಂಬಾ ಚಿಕ್ಕವು. 50 ಹರ್ಟ್ಜ್‌ನ ದೊಡ್ಡ ಪೀಕಿಗಿಂತ 40 ಡೆಸಿಬಲ್ ಕೆಳಗೆ ಅಂದುಕೊಳ್ಳಿ, ಅಂದರೆ ನೂರರಲ್ಲಿ ಒಂದು ಭಾಗ. ಈ ನೂರರಲ್ಲಿ ಒಂದು ಭಾಗವನ್ನು ಹುಡುಕುವ ಜಾಗದಲ್ಲೇ ನನ್ನ ಪ್ರಶ್ನೆ ಇರುವುದು.

ಮೋಟಾರ್, ಸೆನ್ಸರ್, ನಾಯ್ಸ್ ಎಲ್ಲಾ ಪಕ್ಕಕ್ಕಿಟ್ಟು, ಬರೀ ಎರಡು ಕೊಸೈನ್ ಕೂಡಿಸಿ ನೋಡಿದೆ. ನಿಮಗೂ ಒಂದು ನಿಮಿಷದ ಕೆಲಸ ಮೇಡಂ:

```python
import numpy as np
N = 1024
t = np.arange(N) / 1000
x = np.cos(2*np.pi*50*t) + 0.01*np.cos(2*np.pi*52*t)
X = np.abs(np.fft.rfft(x)) * 2 / N
```

N = 1024 ಇದ್ದಾಗ 52 ಹರ್ಟ್ಜ್ ಹತ್ತಿರ ಪೀಕೇ ಇಲ್ಲ. 50ರ ಪೀಕಿನ ಎರಡೂ ಕಡೆ ಅಗಲವಾದ ಇಳಿಜಾರು, ಅಷ್ಟೇ. N = 1000 ಮಾಡಿದ ಕೂಡಲೇ ಚಿತ್ರವೇ ಬೇರೆ. 50ರಲ್ಲಿ ಒಂದು ಕಡ್ಡಿ, 52ರಲ್ಲಿ 0.01 ಎತ್ತರದ ಇನ್ನೊಂದು ಕಡ್ಡಿ, ಮಿಕ್ಕ ಕಡೆ ಸೊನ್ನೆ. 24 ಸ್ಯಾಂಪಲ್ ಕಮ್ಮಿ ಮಾಡಿದರೆ ಜಾಸ್ತಿ ಸ್ಪಷ್ಟವಾಗಿ ಕಾಣುವುದು ಹೇಗೆ?

ನಾನು ಲೆಕ್ಕ ಹಾಕಿಕೊಂಡಿದ್ದು ಹೀಗೆ. 1024 ಸ್ಯಾಂಪಲ್ ತಗೊಂಡರೆ ಬಿನ್‌ಗಳ ನಡುವಿನ ಅಂತರ 1000/1024, ಸುಮಾರು 0.977 ಹರ್ಟ್ಜ್. 50 ಹರ್ಟ್ಜ್ ಆಗ 51.2ನೇ ಬಿನ್‌ನಲ್ಲಿ ಬೀಳಬೇಕು. ಹಾಗೊಂದು ಬಿನ್ ಇಲ್ಲ. ಸಿಗ್ನಲನ್ನು ಒಂದು ಕಡೆ ಶುರು ಮಾಡಿ ಇನ್ನೊಂದು ಕಡೆ ಕತ್ತರಿಸಿದ್ದೇವೆ, ಅಂದರೆ ಆಯತಾಕಾರದ ವಿಂಡೋದಿಂದ ಗುಣಿಸಿದ್ದೇವೆ. ಹಾಗಾಗಿ 50ರ ಪೀಕ್ ಒಂದು ಗೆರೆಯಾಗಿ ಉಳಿಯದೆ ಸಿಂಕ್ ಆಕಾರದಲ್ಲಿ ಹರಡಿಕೊಳ್ಳುತ್ತದೆ. 52 ಹರ್ಟ್ಜ್‌ಗೆ ಹತ್ತಿರದ್ದು 53ನೇ ಬಿನ್. ಅದು 51.2ರಿಂದ 1.8 ಬಿನ್ ದೂರ. ಅಲ್ಲಿ ಸಿಂಕ್‌ನ ಬೆಲೆ ಸುಮಾರು 0.10. ಅಂದರೆ 50 ಹರ್ಟ್ಜ್‌ನ ಸೋರಿಕೆಯೇ ಅಲ್ಲಿ ನೂರಕ್ಕೆ ಹತ್ತರಷ್ಟಿದೆ. ನಾನು ಹುಡುಕುತ್ತಿರುವುದು ನೂರಕ್ಕೆ ಒಂದು. ಹತ್ತು ಪಟ್ಟು ದೊಡ್ಡದರ ಕೆಳಗೆ ಅದು ಮುಚ್ಚಿಹೋಗಿದೆ.

1000 ಸ್ಯಾಂಪಲ್ ಇದ್ದಾಗ ಬಿನ್ ಅಂತರ ಸರಿಯಾಗಿ 1 ಹರ್ಟ್ಜ್. 50 ಒಂದು ಬಿನ್ ಮೇಲೇ ಕೂರುತ್ತದೆ. ಮಿಕ್ಕ ಎಲ್ಲಾ ಬಿನ್‌ಗಳೂ ಸಿಂಕ್ ಸೊನ್ನೆಯಾಗುವ ಜಾಗಗಳಲ್ಲೇ ಬೀಳುತ್ತವೆ. ನನಗೆ ಅನಿಸುವುದು, ಸೋರಿಕೆ ಇಲ್ಲೂ ಇದೆ, ನಮಗೆ ಕಾಣುತ್ತಿಲ್ಲ ಅಷ್ಟೇ. ಬೇಲಿಯ ಸಂದಿಯಿಂದ ಇಣುಕುವಾಗ ಆಚೆ ಇರುವ ಮನುಷ್ಯರೆಲ್ಲ ಗೂಟಗಳ ಹಿಂದೆಯೇ ನಿಂತಿದ್ದರೆ ಬಯಲು ಖಾಲಿ ಅನಿಸುತ್ತದಲ್ವಾ, ಹಾಗೆ. ಪರೀಕ್ಷೆ ಮಾಡಲು ಅದೇ 1000 ಸ್ಯಾಂಪಲ್‌ಗೆ ಸೊನ್ನೆಗಳನ್ನು ಸೇರಿಸಿ 4000 ಮಾಡಿದೆ. ಅಡಗಿದ್ದೆಲ್ಲ ಎದ್ದು ಬಂತು. 51.5 ಹರ್ಟ್ಜ್‌ನಲ್ಲಿ ನೂರಕ್ಕೆ 21ರಷ್ಟು ಎತ್ತರದ ಒಂದು ಗುಡ್ಡ ಇದೆ, ಅಲ್ಲಿ ಯಾವ ಸಿಗ್ನಲ್ಲೂ ಇಲ್ಲದಿದ್ದರೂ. ನಮ್ಮ 52 ಹರ್ಟ್ಜ್ ಆ ಗುಡ್ಡದ ಬುಡದಲ್ಲಿರುವ ತಗ್ಗಿನಲ್ಲಿತ್ತು, ಅದಕ್ಕೇ ಕಂಡಿತ್ತು.

ಇಲ್ಲಿ ನನ್ನ ಮೊದಲನೇ ಪ್ರಶ್ನೆ. ಡಿಎಫ್‌ಟಿ ಸಿಗ್ನಲನ್ನು ಪೀರಿಯಾಡಿಕ್ ಅಂತ ಭಾವಿಸುತ್ತದೆ, ಕೊನೆಯ ಸ್ಯಾಂಪಲ್ಲೂ ಮೊದಲನೆಯದೂ ಸೇರುವ ಜಾಗದಲ್ಲಿ ಜಿಗಿತ ಇದ್ದರೆ ಲೀಕೇಜ್ ಆಗುತ್ತದೆ ಅಂತ ಓದಿದ್ದೇವೆ. ಪೂರ್ತಿ 50 ಸೈಕಲ್ ಇದ್ದರೆ ಜಿಗಿತ ಇಲ್ಲ, ಲೀಕೇಜೂ ಇಲ್ಲ. ಆದರೆ ಅದೇ ಡೇಟಾಗೆ ಸೊನ್ನೆ ಸೇರಿಸಿದರೆ ಸೈಡ್‌ಲೋಬ್ ಕಾಣುತ್ತದೆ. ಸೊನ್ನೆಯಿಂದ ಹೊಸ ಮಾಹಿತಿ ಏನೂ ಬರುವುದಿಲ್ಲವಲ್ಲ. ಹಾಗಾದರೆ ಜಿಗಿತದ ಕಥೆ ಆ ನಿರ್ದಿಷ್ಟ ಬಿನ್‌ಗಳಲ್ಲಿ ನಮಗೆ ಏನು ಕಾಣುತ್ತದೆ ಅಂತ ಮಾತ್ರ ಹೇಳುತ್ತದೆ, ವಿಂಡೋದ ಕಥೆ ಬಿನ್‌ಗಳ ನಡುವೆ ಏನಿದೆ ಅಂತಲೂ ಹೇಳುತ್ತದೆ. ಎರಡೂ ಒಂದೇ ಕಥೆ, ಆದರೆ ಎರಡನೆಯದು ಪೂರ್ತಿ ಕಥೆ. ಹೀಗೆ ಅರ್ಥ ಮಾಡಿಕೊಂಡರೆ ಸರಿಯಾ ಮೇಡಂ?

ಸರಿ ಎಂದಾದರೆ ನನ್ನದೊಂದು ಬಲವಾದ ಅಭಿಪ್ರಾಯ ಇದೆ, ನೇರವಾಗಿ ಹೇಳುತ್ತೇನೆ. ಪರೀಕ್ಷೆಗೆ ನಾವು 8 ಪಾಯಿಂಟ್ ಬಟರ್‌ಫ್ಲೈಯನ್ನು ಪುಟಗಟ್ಟಲೆ ಕೈಯಲ್ಲಿ ಬಿಡಿಸುತ್ತೇವೆ. ಲ್ಯಾಬ್ ಮ್ಯಾನ್ಯುಯಲ್‌ನಲ್ಲಿ ಬರುವ ಸೈನ್ ವೇವ್‌ಗಳೆಲ್ಲ ಸರಿಯಾಗಿ ಬಿನ್ ಮೇಲೇ ಕೂರುವಂಥವು. ಬಿನ್‌ಗಳ ನಡುವೆ ಬೀಳುವ ಒಂದು ಸೈನ್ ವೇವನ್ನು ಯಾರೂ ತೋರಿಸುವುದಿಲ್ಲ. ಹೊರಗಡೆ ಸಿಗುವ ಸಿಗ್ನಲ್‌ಗಳೆಲ್ಲ ನಡುವೆ ಬೀಳುವಂಥವೇ. ಒಂದು ಲ್ಯಾಬ್ ಕ್ಲಾಸನ್ನು ಇದಕ್ಕೇ ಇಡಬೇಕು, ಬೇಕಾದರೆ ಒಂದು ಬಟರ್‌ಫ್ಲೈ ಲೆಕ್ಕ ಕಮ್ಮಿ ಮಾಡಿ.

N = 1000 ಇಟ್ಟುಕೊಂಡು ಸುಮ್ನೆ ಇದ್ದುಬಿಡಬಹುದಲ್ಲ ಅಂತ ನನ್ನ ಪ್ರಾಜೆಕ್ಟ್ ಪಾರ್ಟ್‌ನರ್ ಕೇಳಿದ. ಆಗಲ್ಲ. ನಮ್ಮ ಗೋಡೆಯ ಸಾಕೆಟ್‌ನಲ್ಲಿ ಬರುವುದು ಸರಿಯಾಗಿ 50 ಅಲ್ಲ. ಗ್ರಿಡ್ ಕೋಡ್ ಪ್ರಕಾರವೇ ಅದು 49.90ರಿಂದ 50.05 ನಡುವೆ ಇರಬಹುದು. 49.95 ಇದೆ ಅಂದುಕೊಳ್ಳಿ. 52ನೇ ಬಿನ್ ಈಗ 2.05 ಬಿನ್ ದೂರ. ಸೋರಿಕೆ ಅಲ್ಲಿ ನೂರಕ್ಕೆ 2.4. ಬರೀ 0.05 ಹರ್ಟ್ಜ್ ಸರಿದಿದ್ದಕ್ಕೆ ಸೋರಿಕೆ ನಮ್ಮ ಸೈಡ್‌ಬ್ಯಾಂಡಿಗಿಂತ ಎರಡು ಪಟ್ಟು ದಾಟಿಬಿಟ್ಟಿತು. ಮೋಟಾರ್ ಚೆನ್ನಾಗಿದ್ದರೂ ಬಾರ್ ಮುರಿದಿದೆ ಅನಿಸಬಹುದು, ಮುರಿದಿದ್ದರೂ ಗೊತ್ತಾಗದೇ ಹೋಗಬಹುದು.

ಜಾಸ್ತಿ ಹೊತ್ತು ರೆಕಾರ್ಡ್ ಮಾಡಿದರೆ? 10 ಸೆಕೆಂಡ್ ತಗೊಂಡರೆ ಬಿನ್ ಅಂತರ 0.1 ಹರ್ಟ್ಜ್. ಸೈಡ್‌ಬ್ಯಾಂಡ್ ಈಗ 20 ಬಿನ್ ದೂರ ಹೋಯಿತು, ಸಾಕು ಅನಿಸುತ್ತದೆ. ಆದರೆ 49.95 ಈಗ ಎರಡು ಬಿನ್‌ಗಳ ಸರಿ ಮಧ್ಯೆ ಬೀಳುತ್ತದೆ, ಸಿಂಕ್ ತುಂಬಾ ನಿಧಾನವಾಗಿ ಇಳಿಯುತ್ತದೆ. ಅಷ್ಟು ದೂರದಲ್ಲೂ ನೂರಕ್ಕೆ ಸುಮಾರು 1.6ರಷ್ಟು ಸೋರಿಕೆ ಉಳಿದಿರುತ್ತದೆ. ಇದು ನನಗೆ ನಿಜಕ್ಕೂ ಆಶ್ಚರ್ಯ ತಂದಿತು. ಹತ್ತು ಪಟ್ಟು ಡೇಟಾ ತಗೊಂಡರೂ ಸಾಲದು.

ಹಾನ್ ವಿಂಡೋ ಹಾಕಿದರೆ? 1 ಸೆಕೆಂಡಿನ ಡೇಟಾಗೆ ಹಾಕಿದಾಗ 2.4 ಇದ್ದದ್ದು 0.76ಕ್ಕೆ ಇಳಿಯುತ್ತದೆ. ಹುಡುಕುತ್ತಿರುವುದು 1 ಆದ್ದರಿಂದ ಇದನ್ನೂ ನಂಬುವ ಹಾಗಿಲ್ಲ. ಹಾನ್‌ನ ಮುಖ್ಯ ಪೀಕ್ ಆಯತದ ಎರಡರಷ್ಟು ಅಗಲ. 2 ಬಿನ್ ದೂರ ಅಂದರೆ ಇನ್ನೂ ಅದರ ಅಂಚಿನಲ್ಲೇ ಇದ್ದೇವೆ. ಎರಡನ್ನೂ ಸೇರಿಸಿದಾಗ, 10 ಸೆಕೆಂಡ್ ಜೊತೆಗೆ ಹಾನ್, ಸೋರಿಕೆ ನೂರಕ್ಕೆ 0.004ರ ಆಸುಪಾಸಿಗೆ ಬೀಳುತ್ತದೆ. ಸೈಡ್‌ಬ್ಯಾಂಡ್ ಎದ್ದು ಕಾಣುತ್ತದೆ. ಸಮಯ ಸೈಡ್‌ಬ್ಯಾಂಡನ್ನು ಬಿನ್ ಲೆಕ್ಕದಲ್ಲಿ ದೂರ ತಳ್ಳುತ್ತದೆ, ವಿಂಡೋ ಆ ದೂರದಲ್ಲಿ ಸೋರಿಕೆಯನ್ನು ಬೇಗ ಇಳಿಸುತ್ತದೆ. ಒಂದನ್ನು ಬಿಟ್ಟು ಇನ್ನೊಂದು ಕೆಲಸ ಮಾಡುವುದಿಲ್ಲ.

ಸೊನ್ನೆ ಸೇರಿಸುವುದು ಮಾತ್ರ ಇಲ್ಲಿ ಏನೂ ಸಹಾಯ ಮಾಡಲಿಲ್ಲ. ವಕ್ರರೇಖೆ ನುಣುಪಾಗಿ ಕಂಡಿತು, ಅಗಲ ಅಷ್ಟೇ ಉಳಿಯಿತು. ಪಾಯಿಂಟ್ ಜಾಸ್ತಿ ಆದರೆ ರೆಸಲ್ಯೂಷನ್ ಜಾಸ್ತಿ ಅಂತ ಪ್ರಾಜೆಕ್ಟ್ ರಿಪೋರ್ಟ್‌ಗಳಲ್ಲಿ ಬರೆಯುತ್ತಾರಲ್ಲ, ಅದನ್ನು ನಿಲ್ಲಿಸಬೇಕು. ಎಷ್ಟು ಸೆಕೆಂಡ್ ಮೋಟಾರನ್ನು ಕೇಳಿದೆವು ಅನ್ನುವುದೇ ಮುಖ್ಯ.

ಈಗ ಎರಡನೇ ಪ್ರಶ್ನೆ, ಇದು ನನ್ನಿಂದ ಬಿಡಿಸಲಾಗದ್ದು. 10 ಸೆಕೆಂಡ್ ರೆಕಾರ್ಡ್ ಮಾಡುವಾಗ ಲೋಡ್ ಅಲುಗಾಡದೆ ಇರಬೇಕು. ನಮ್ಮ ಬ್ರೇಕ್ ಡ್ರಮ್ ಬಿಸಿಯಾದ ಹಾಗೆ ಬೆಲ್ಟಿನ ಹಿಡಿತ ಬದಲಾಗುತ್ತದೆ. ಸ್ಪೀಡ್ 1470ರಿಂದ 1465ಕ್ಕೆ ಇಳಿದರೆ ಸ್ಲಿಪ್ 0.0233 ಆಗಿ ಸೈಡ್‌ಬ್ಯಾಂಡ್ 52ರಿಂದ 52.33ಕ್ಕೆ ಓಡುತ್ತದೆ. 0.1 ಹರ್ಟ್ಜ್ ಬಿನ್‌ಗಳಲ್ಲಿ ಅದು ಮೂರು ಬಿನ್ ಮೇಲೆ ಹರಡಿ ತೆಳುವಾಗುತ್ತದೆ. ರೆಕಾರ್ಡನ್ನು ಚಿಕ್ಕದು ಮಾಡಿದರೆ 50ರ ಸೋರಿಕೆ ನುಂಗುತ್ತದೆ, ಉದ್ದ ಮಾಡಿದರೆ ಸೈಡ್‌ಬ್ಯಾಂಡೇ ಕರಗುತ್ತದೆ. ಲೋಡ್ ಕಮ್ಮಿ ಇದ್ದಾಗ ಇನ್ನೂ ಕಷ್ಟ. 1494ರಲ್ಲಿ ಓಡುವಾಗ ಸೈಡ್‌ಬ್ಯಾಂಡ್ 50ರಿಂದ ಬರೀ 0.4 ಹರ್ಟ್ಜ್ ದೂರ. ಹಾನ್‌ನ ಮುಖ್ಯ ಪೀಕಿನಿಂದ ಹೊರಗೆ ಬರಲಿಕ್ಕೇ 5 ಸೆಕೆಂಡ್ ಬೇಕು.

ಇಂಥ ಕಡೆ ನೀವಾದರೆ ಏನು ಮಾಡುತ್ತೀರಿ? ರೆಕಾರ್ಡನ್ನು ತುಂಡು ತುಂಡಾಗಿ ಒಂದರ ಮೇಲೊಂದು ಬರುವಂತೆ ತಗೊಂಡು ಸೈಡ್‌ಬ್ಯಾಂಡ್ ಸರಿಯುವುದನ್ನು ಹಿಂಬಾಲಿಸಬೇಕಾ? ಅಥವಾ ಸ್ಪೀಡ್ ಅಳೆದು, ಸಮಯದ ಬದಲು ಸ್ಲಿಪ್ ಲೆಕ್ಕದಲ್ಲಿ ಡೇಟಾವನ್ನು ಮತ್ತೆ ಸ್ಯಾಂಪಲ್ ಮಾಡಬೇಕಾ? ಅಥವಾ 50ರ ಅಂಶವನ್ನು ಮೊದಲೇ ಅಂದಾಜು ಮಾಡಿ ಕಳೆದುಬಿಟ್ಟರೆ ಚಿಕ್ಕ ರೆಕಾರ್ಡ್ ಸಾಕಾಗುತ್ತದಾ? ಮೂರನೆಯದು ನನಗೆ ಇಷ್ಟ. ಆದರೆ ನೂರಕ್ಕೆ ಒಂದು ಭಾಗ ಹುಡುಕುವಾಗ, ಕಳೆಯುವ ಅಂದಾಜಿನಲ್ಲೇ ನೂರಕ್ಕೆ ಒಂದು ತಪ್ಪಿದ್ದರೆ ಎಲ್ಲಾ ಹೋಯಿತಲ್ಲ ಅಂತ ಹೆದರಿಕೆ.

ಸದ್ಯಕ್ಕೆ ಪೀಕ್ ನಿಜವೋ ಸೋರಿಕೆಯೋ ಅಂತ ತಿಳಿಯಲು ಎರಡು ಕೆಲಸ ಮಾಡುತ್ತಿದ್ದೇವೆ. ಮೊದಲು ರೆಕಾರ್ಡಿನ ಉದ್ದ ಬದಲಿಸಿ ನೋಡುತ್ತೇವೆ. ನಿಜವಾದ ಪೀಕ್ ತನ್ನ ಹರ್ಟ್ಜ್‌ನಲ್ಲೇ ನಿಲ್ಲುತ್ತದೆ, ಸೋರಿಕೆಯ ಗುಡ್ಡಗಳು ಜಾಗ ಬದಲಿಸುತ್ತವೆ. ಆಮೇಲೆ ಲೋಡ್ ಬದಲಿಸುತ್ತೇವೆ. ಬಾರ್‌ನಿಂದ ಬಂದದ್ದಾದರೆ ಸ್ಲಿಪ್ ಜೊತೆ ಸರಿಯಬೇಕು.

ಗುರುವಾರ ಮಧ್ಯಾಹ್ನ ಮಷೀನ್ಸ್ ಲ್ಯಾಬ್ ಖಾಲಿ ಇರುತ್ತದೆ ಮೇಡಂ. ನಿಮಗೆ ಬಿಡುವಿದ್ದರೆ ಮೋಟಾರ್ ಓಡಿಸಿಟ್ಟುಕೊಂಡು ಕಾಯುತ್ತೇವೆ. 1470ರಲ್ಲಿ ಒಂದು, 1494ರಲ್ಲಿ ಒಂದು, ಎರಡೂ ರೆಕಾರ್ಡ್ ನಿಮ್ಮ ಮುಂದೆಯೇ ತಗೊಳ್ಳೋಣ.

ನಿಮ್ಮ ವಿದ್ಯಾರ್ಥಿನಿ,
ಎಲೆಕ್ಟ್ರಿಕಲ್, ಫೈನಲ್ ಇಯರ್