ಮೇಜಿನಡಿಯ ಮಹಾಶಯ

ಐದು ರೂಪಾಯಿ ಬಿಸ್ಕೆಟ್ ಪ್ಯಾಕೆಟ್ ಮತ್ತೆ ಸಣಕಲಾಗಿದೆ, ನೀವೂ ನೋಡಿರುತ್ತೀರಿ. ಬೆಲೆ ಅಲ್ಲೇ ಇದೆ, ಬಿಸ್ಕೆಟ್ ಉಪವಾಸಕ್ಕೆ ಕೂತಿದೆ. ಕೇಳಿದರೆ ಅಂಗಡಿಯವ "ತೂಕ ಹಿಂದ್ಗಡೆ ಬರ್ದಿದೆ ನೋಡಿ ಸಾರ್" ಅಂದ. ಬರೆದಿದೆ, ಇರುವೆಗಳಿಗೆ ಅಂತ.

ಇದು ನಮ್ಮ ಕಂಪನಿಗಳ ಸ್ವಂತ ಪ್ರತಿಭೆ ಅಂದುಕೊಂಡಿದ್ದೆ. ಅಲ್ಲ. 13ನೇ ಶತಮಾನದ ಇಂಗ್ಲೆಂಡಿನಲ್ಲಿ ಕಾನೂನೇ ಹೀಗಿತ್ತು: ಬ್ರೆಡ್ಡಿನ ಬೆಲೆ ಅಲುಗುವಂತಿಲ್ಲ, ಗೋಧಿ ತುಟ್ಟಿಯಾದರೆ ತೂಕ ಇಳಿಯಬೇಕು. ಆದರೆ ಗೋಧಿ ಅಗ್ಗವಾದಾಗ ಬ್ರೆಡ್ ಊದಲೂಬೇಕಿತ್ತು! ಈ ಎರಡನೇ ಅರ್ಧ ನಮ್ಮವರ ತನಕ ಬರುವಷ್ಟರಲ್ಲಿ ಹಡಗಿನಲ್ಲೇ ಕಳೆದುಹೋಗಿರಬೇಕು.

ಲಂಡನ್ನಿನ ಬೇಕರಿಯವರ ಸಂಘ 1155ರಷ್ಟು ಹಳೆಯದು. ಬಿಳಿ ಬ್ರೆಡ್ಡಿನವರು ಬೇರೆ, ಕಂದು ಬ್ರೆಡ್ಡಿನವರು ಬೇರೆ. ಕಂದಿನವನ ಮನೆಯಲ್ಲಿ ನುಣ್ಣನೆ ಹಿಟ್ಟು ಜರಡಿ ಹಿಡಿಯುವ ಬಟ್ಟೆ ಇರುವಂತೆಯೇ ಇಲ್ಲ. (ಈಗ ಬಿಳಿಗೇ ಬಣ್ಣ ಹಚ್ಚಿ ಕಂದು ಅಂತಾರೆ, ಒಂದೇ ಏಟಿಗೆ ಎರಡೂ ಸಂಘ ಖುಷಿ.) ಪ್ರತಿಯೊಬ್ಬನೂ ಬ್ರೆಡ್ಡಿನ ಮೇಲೆ ತನ್ನ ಮುದ್ರೆ ಒತ್ತಬೇಕು. ತೂಕ ಕಡಿಮೆ ಬಂದರೆ ಅದೇ ಬ್ರೆಡ್ಡನ್ನು ಕೊರಳಿಗೆ ಕಟ್ಟಿ, ಅವನನ್ನು ತಟ್ಟಿಯ ಮೇಲೆ ಮಲಗಿಸಿ ಪೇಟೆಬೀದಿಯಲ್ಲಿ ಎಳೆದುಕೊಂಡು ಹೋಗುತ್ತಿದ್ದರು. ಮೂರನೇ ಸಲ ಸಿಕ್ಕಿಬಿದ್ದರೆ ಒಲೆಯನ್ನೇ ಕೆಡವಿ, ಕಸುಬು ಬಿಡಿಸುತ್ತಿದ್ದರು.

ಅಂಥ ಊರಲ್ಲೂ 1327ರಲ್ಲಿ ಜಾನ್ ಬ್ರಿಡ್ ಎಂಬ ಮಹಾನುಭಾವನಿದ್ದ. ಅಕ್ಕಪಕ್ಕದವರು ಮನೆಯಲ್ಲಿ ಕಲಸಿದ ಹಿಟ್ಟನ್ನು ಸುಡಿಸಲು ಅವನ ಒಲೆಗೆ ತರುತ್ತಿದ್ದರು. ಹಿಟ್ಟು ಇಡುವ ಮೇಜಿಗೆ ಒಂದು ತೂತು, ತೂತಿಗೆ ಪುಟ್ಟ ಬಾಗಿಲು, ಅಡಿಯಲ್ಲಿ ಕೂತ ಆಳು. ಮೇಲೆ ಮಾಲೀಕ ನಾದುತ್ತಾ ಯೋಗಕ್ಷೇಮ ವಿಚಾರಿಸುವಾಗ ಕೆಳಗಿನವ ಚೂರುಚೂರೇ ಹಿಟ್ಟು ಎಳೆಯುತ್ತಿದ್ದ. ಹಿಟ್ಟಿನೊಡತಿ ಎದುರಿಗೇ ನಿಂತಿರುತ್ತಿದ್ದಳು! ಆ ಊರಲ್ಲಿ ಕಸುಬು ಕಲಿಯಲು ಕನಿಷ್ಠ ಏಳು ವರ್ಷ ಶಿಷ್ಯನಾಗಿರಬೇಕು. ಮೇಜಿನಡಿ ಕೂರುವುದು ಎಷ್ಟನೇ ವರ್ಷದ ಪಾಠವೋ.

ಅವನೊಬ್ಬನೇ ಅಲ್ಲ, ಹುಡುಕಿದರೆ ಹಲವು ಬೇಕರಿಗಳಲ್ಲಿ ಅದೇ ತೂತು. ಇಬ್ಬರು ಹೆಂಗಸರು "ಅದು ನಮ್ಮ ಯಜಮಾನರ ಕೆಲಸ, ನಮಗೇನೂ ಗೊತ್ತಿಲ್ಲ" ಅಂದರು. ತೀರ್ಪನ್ನು ನೋಡಿ: ಮೇಜಿನಡಿ ಹಿಟ್ಟು ಸಿಕ್ಕವರ ಕೊರಳಿಗೆ ಹಿಟ್ಟು ಕಟ್ಟಿ, ತಲೆ ಸಿಕ್ಕಿಸುವ ಹಲಗೆಗೆ ನಿಲ್ಲಿಸಿ. ಬರೀ ತೂತು ಸಿಕ್ಕವರನ್ನೂ ನಿಲ್ಲಿಸಿ, ಹಿಟ್ಟು ಮಾತ್ರ ಬೇಡ. ಸಂಜೆಯ ಪ್ರಾರ್ಥನೆ ಮುಗಿಯುವ ತನಕ.

ಸಂಘದವರು ಸಾಚಾಗಳು ಅಂತ ನಾನೇನೂ ಹೇಳುತ್ತಿಲ್ಲ. ಹೊರಗಿನವ ಒಲೆ ಹೂಡದಂತೆ ನೋಡಿಕೊಳ್ಳುವುದರಲ್ಲಿ ಅವರಿಗಿದ್ದ ಆಸಕ್ತಿ ದೊಡ್ಡದೇ. ಆದರೂ ಕದ್ದವನಿಗೆ ಒಂದು ಮುಖವಿತ್ತು, ಆ ಮುಖ ಬೀದಿಗೆ ಕಾಣುತ್ತಿತ್ತು. ಇಲ್ಲಿ ಕೂಲಿಯವನ ಮಗು ಚಹಾಕ್ಕೆ ಅದ್ದುವ ಬಿಸ್ಕೆಟ್ಟಿನಿಂದ ಎರಡನ್ನು ಎಗರಿಸಿ, ಅದನ್ನು ಲಾಭದ ಲೆಕ್ಕದಲ್ಲಿ ತೋರಿಸಿ ಚಪ್ಪಾಳೆ ಹೊಡೆಸಿಕೊಳ್ಳುತ್ತಾರೆ. ಥೂ.

ಈ ಪ್ಯಾಕೆಟ್ಟನ್ನು ಯಾರ ಕೊರಳಿಗೆ ಕಟ್ಟುವುದು ಅಂತ ತಿರುಗಿಸಿ ನೋಡಿದೆ. ಕಸ್ಟಮರ್ ಕೇರ್ ನಂಬರ್ ಇತ್ತು.