ಟಿವಿಗೆ ಕನ್ನಡ, ಫೋನಿಗೆ ಕ್ಯಾಮೆರಾ

ಅಪ್ಪನ ಎರಡೂ ಕಣ್ಣಿಗೆ ಪೊರೆ ಬಂದಿದೆ. ಒಂದರ ಆಪರೇಷನ್ ಆಯ್ತು, ಇನ್ನೊಂದು ಬಾಕಿ ಇದೆ. ಟಿವಿಯಲ್ಲಿ ಆಟಗಾರರು ಮಬ್ಬಾಗಿ ಕಾಣ್ತಾರೆ, ಚೆಂಡು ಕಾಣೋದೇ ಇಲ್ಲ. ಹಾಗಾಗಿ ಅವರು ಮ್ಯಾಚ್ ನೋಡುವುದಕ್ಕಿಂತ ಕೇಳುವುದೇ ಜಾಸ್ತಿ. ಬೀದರ್‌ನವರು, ರೇಡಿಯೊದಲ್ಲಿ ಹಿಂದಿ ಕಾಮೆಂಟರಿ ಕೇಳಿ ಬೆಳೆದವರು. ಹಿಂದಿ ಚೆನ್ನಾಗಿ ಬರುತ್ತೆ. ಆದರೂ ಈಗ ಕನ್ನಡವೇ ಬೇಕು ಅಂತಾರೆ. ಕನ್ನಡದಲ್ಲಿ ಕೇಳಿದರೆ ಮನಸ್ಸಿಗೆ ಬೇಗ ಇಳಿಯುತ್ತಂತೆ.

ನನಗೆ ಮಾತ್ರ ಬೇರೆ ಬೇರೆ ಕ್ಯಾಮೆರಾದಲ್ಲಿ ಆಟ ನೋಡುವ ಆಸೆ. ಹಾಗಾಗಿ ಟಿವಿಯಲ್ಲಿ ಕನ್ನಡ, ನನ್ನ ಫೋನಿನಲ್ಲಿ ಇನ್ನೊಂದು ಫೀಡ್. ಮ್ಯಾಚ್ ತೋರಿಸುವ ಸ್ಟ್ರೀಮಿಂಗ್ ಆ್ಯಪ್‌ನ ನಮ್ಮ ಪ್ಲಾನ್‌ನಲ್ಲಿ ಎರಡು ಸ್ಕ್ರೀನ್ ಇರುವುದರಿಂದ ಇದು ಸಾಧ್ಯ. ಆದರೆ ಒಂದು ವಿಷಯ ಗೊತ್ತಿಲ್ಲದೆ ಅಪ್ಪನ ಒಂದು ದೊಡ್ಡ ಸಂಜೆಯನ್ನು ನಾನೇ ಕೆಡಿಸಿದೆ.

2025ರ ಐಪಿಎಲ್ ಫೈನಲ್, ಜೂನ್ 3. ಕೊನೆಯ ಓವರ್, ಪಂಜಾಬ್‌ಗೆ 29 ಬೇಕು, ಹೇಜಲ್‌ವುಡ್ ಬೌಲಿಂಗ್. ಮೊದಲ ಎರಡು ಎಸೆತಕ್ಕೆ ರನ್ನೇ ಇಲ್ಲ. ಉಳಿದ ನಾಲ್ಕಕ್ಕೂ ಸಿಕ್ಸ್ ಹೊಡೆದರೂ 24, ಅಂದರೆ ನೋಬಾಲ್, ವೈಡ್ ಬೀಳದಿದ್ದರೆ ಕಪ್ ನಮ್ಮ ಆರ್‌ಸಿಬಿಯದೇ. ಫೋನಿನಲ್ಲಿ ಎರಡನೇ ಎಸೆತ ಆಗಿದ್ದೇ ತಡ, ನಾನು ಕೂಗಿಬಿಟ್ಟೆ. ಆಗ ಟಿವಿಯಲ್ಲಿ ಹೇಜಲ್‌ವುಡ್ ಆ ಎಸೆತಕ್ಕಾಗಿ ಇನ್ನೂ ಹಿಂದಕ್ಕೆ ನಡೆದು ಹೋಗುತ್ತಿದ್ದ. "ಏನಾತೋ ತಮ್ಮಾ? ಯಾಕ ಒದರ್ಲತ್ತೀ?" ಅಂದರು ಅಪ್ಪ. ಹದಿನೆಂಟು ವರ್ಷ ಕಾದವರು ಅವರು. ಆ ಖುಷಿ ಅವರ ಕಿವಿಗೆ ಮೊದಲು ಬೀಳಬೇಕಿತ್ತು.

ಇದು ಯಾರ ತಪ್ಪೂ ಅಲ್ಲ, ಸ್ಟ್ರೀಮಿಂಗ್ ಕೆಲಸ ಮಾಡುವ ರೀತಿಯೇ ಹೀಗೆ. ಲೈವ್ ವಿಡಿಯೊ ಕೆಲವು ಸೆಕೆಂಡಿನ ತುಂಡುಗಳಾಗಿ ಬರುತ್ತೆ. ನಡುವೆ ನಿಲ್ಲಬಾರದು ಅಂತ ಟಿವಿ, ಫೋನ್ ಎರಡೂ ಒಂದಷ್ಟು ತುಂಡು ಕೂಡಿಟ್ಟುಕೊಂಡ ಮೇಲೆಯೇ ತೋರಿಸುತ್ತವೆ. ಯಾವುದು ಜಾಸ್ತಿ ಕೂಡಿಟ್ಟುಕೊಳ್ಳುತ್ತೋ ಅದು ಹಿಂದೆ ಬೀಳುತ್ತೆ. ಜೊತೆಗೆ ಕನ್ನಡ ಫೀಡ್ ಅಂದರೆ ಅದೇ ವಿಡಿಯೊ ಮೇಲೆ ಸುಮ್ನೆ ಧ್ವನಿ ಬದಲಿಸಿದ್ದಲ್ಲ. ಕಾಮೆಂಟೇಟರ್‌ಗಳು ಬೇರೆ, ಎಷ್ಟೋ ಸಲ ಪರದೆ ಮೇಲಿನ ಅಕ್ಷರಗಳೂ ಬೇರೆ. ಬೇರೆ ದಾರಿಯಲ್ಲಿ ಬಂದಿದ್ದು ಬೇರೆ ಹೊತ್ತಿಗೆ ತಲುಪುತ್ತೆ.

ಈಗ ನಾನು ಮಾಡೋದು ಇಷ್ಟು. ಮೊದಲು ಎರಡನ್ನೂ ಲೈವ್‌ಗೆ ತರುತ್ತೇನೆ. ಫೋನಿನಲ್ಲಿ ಬೌಲರ್ ಕೈಯಿಂದ ಚೆಂಡು ಬಿಟ್ಟ ಕ್ಷಣ ಪಾಜ್ ಒತ್ತುತ್ತೇನೆ. ಟಿವಿಯಲ್ಲಿ ಅದೇ ಎಸೆತ ಬರುವ ತನಕ ಕಾಯುತ್ತೇನೆ, ಬಂದ ಕೂಡಲೇ ಪ್ಲೇ. ಅದೇ ಎಸೆತ ಹೌದೋ ಅಲ್ಲವೋ ಅಂತ ಮೂಲೆಯ ಓವರ್ ಸಂಖ್ಯೆ ನೋಡಿದರೆ ತಿಳಿಯುತ್ತೆ, 14.3 ಅಂದರೆ ಎರಡರಲ್ಲೂ 14.3 ಇರಬೇಕು. ನಮ್ಮ ಮನೆಯಲ್ಲಿ ಅಂತರ ಇಪ್ಪತ್ತು ಸೆಕೆಂಡಿನ ಆಸುಪಾಸು. ನಿಮ್ಮಲ್ಲಿ ಟಿವಿಯೇ ಮುಂದಿದ್ದರೆ ರಿಮೋಟ್‌ನಿಂದ ಅದನ್ನು ನಿಲ್ಲಿಸಿ.

ಹೊಂದಿಸಿದ ಮೇಲೆ ಲೈವ್ ಬಟನ್ ಮುಟ್ಟಬಾರದು, ಮುಟ್ಟಿದರೆ ಫೋನ್ ಮತ್ತೆ ಮುಂದಕ್ಕೆ ಜಿಗಿಯುತ್ತೆ. ಭಾಷೆ ಅಥವಾ ಕ್ಯಾಮೆರಾ ಬದಲಿಸಿದರೂ ಹಾಗೇ, ಯಾಕಂದ್ರೆ ಅದು ಹೊಸ ವಿಡಿಯೊ ಶುರು ಮಾಡಿದ ಹಾಗೆ. ಅದಕ್ಕೇ ಬದಲಾಯಿಸೋದಿದ್ದರೆ ಓವರ್ ಮುಗಿದ ಮೇಲೆ ಬದಲಿಸಿ, ಮತ್ತೆ ಹೊಂದಿಸುತ್ತೇನೆ. ಜಾಹೀರಾತು ಮುಗಿದ ಮೇಲೂ ಅಂತರ ಒಮ್ಮೊಮ್ಮೆ ಬೇರೆಯಾಗಿರುತ್ತೆ. ಇನ್ನು ಸ್ಕೋರ್ ನೋಟಿಫಿಕೇಶನ್ ಆಫ್ ಇರಲೇಬೇಕು, ಇಲ್ಲದಿದ್ದರೆ ಇಷ್ಟೆಲ್ಲ ಮಾಡಿಯೂ ಏನೂ ಉಪಯೋಗವಿಲ್ಲ.

ಒಂದೇ ಟಿವಿಯಲ್ಲಿ ಎರಡು ಮೂರು ಕಿಟಕಿ ತೆರೆದು ನೋಡುವುದು ನನಗೆ ಇಷ್ಟವಿಲ್ಲ. ಧ್ವನಿ ಹೇಗೂ ಒಂದೇ ಕಿಟಕಿಯದ್ದು. ಚಿತ್ರ ಚಿಕ್ಕದಾದರೆ ಅಪ್ಪನಂಥವರಿಗೆ ಅಷ್ಟೂ ಕಾಣಲ್ಲ. ಅಗ್ಗದ ಟಿವಿಗಳಿಗೆ ಒಟ್ಟಿಗೆ ಎರಡು ವಿಡಿಯೊ ಬಿಚ್ಚಿ ತೋರಿಸುವ ಶಕ್ತಿಯೂ ಕಡಿಮೆ.

ಫೋನಿನಲ್ಲಿ ಮೇಲಿನಿಂದ ಮೈದಾನ ತೋರಿಸುವ ಕ್ಯಾಮೆರಾ ಸಿಕ್ಕಿದರೆ ನಾನು ಅದನ್ನೇ ಹಾಕೋದು. ಎಲ್ಲ ಮ್ಯಾಚ್‌ಗೂ ಇರುವುದಿಲ್ಲ. ಟಿವಿ ಕಾಮೆಂಟರಿಯವರು ನೋಡುವವರಿಗಾಗಿ ಮಾತಾಡ್ತಾರೆ. "ಅದ್ಭುತ ಹೊಡೆತ" ಅಂತಾರೆ, ಎಷ್ಟೋ ಸಲ ಚೆಂಡು ಎತ್ತ ಹೋಯ್ತು ಅಂತ ಹೇಳಲ್ಲ. ರೇಡಿಯೊದವರು ಹೇಳುತ್ತಿದ್ದರು. ಅಪ್ಪ "ಎತ್ಲಾಗ್ ಹೋತೋ?" ಅಂತ ಕೇಳಿದಾಗ ನಾನು ಫೋನ್ ನೋಡಿ ಹೇಳುತ್ತೇನೆ: ಕವರ್‌ನಲ್ಲಿ ಇಬ್ಬರ ನಡುವೆ ಹೋಯ್ತಪಾ, ಬೌಂಡರಿಯಲ್ಲಿ ಯಾರೂ ಇರಲಿಲ್ಲ.

ಈಗೀಗ ಪ್ಲೇ ಒತ್ತುವಾಗ ಬೇಕಂತಲೇ ಎರಡು ಸೆಕೆಂಡ್ ತಡ ಮಾಡುತ್ತೇನೆ. ಟಿವಿಯಲ್ಲಿ ಕೇಳಿ ಅಪ್ಪ ಮೊದಲು "ಸಿಕ್ಸ್!" ಅಂತಾರೆ. ಆಮೇಲೆ ನನ್ನ ಫೋನಿನಲ್ಲಿ ಚೆಂಡು ಹಾರುತ್ತೆ.